ಲಾಭವುಂಟು, ನಗದಿಲ್ಲ

1906ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದ ಲಿನ್ ಪಟ್ಟಣದಲ್ಲಿ, ಇಪ್ಪತ್ತೈದು ಸೆಂಟಿಗೆ ಸಾಮಾನು ಮಾರುವ ಅಂಗಡಿಯಾಗಿ ಆರಂಭವಾದ ಡಬ್ಲ್ಯು. ಟಿ. ಗ್ರ್ಯಾಂಟ್ ಸಂಸ್ಥೆಯು, ಕಾಲಾನುಕ್ರಮದಲ್ಲಿ ಸಾವಿರಕ್ಕೂ ಮಿಕ್ಕ ಮಳಿಗೆಗಳುಳ್ಳ ಮಹಾವ್ಯಾಪಾರಸಂಸ್ಥೆಯಾಗಿ ಬೆಳೆಯಿತು. 1973ರ ಜನವರಿಗೆ ಮುಗಿದ ವರ್ಷದಲ್ಲಿ ಅದು ಮೂರು ಕೋಟಿ ಡಾಲರಿಗೂ ಮಿಗಿಲಾದ ನಿವ್ವಳ ಲಾಭವನ್ನು ತೋರಿಸಿತ್ತು. ಅದರ ಷೇರನ್ನು ಜನರು ವಾರ್ಷಿಕ ಗಳಿಕೆಯ ಸುಮಾರು ಇಪ್ಪತ್ತು ಪಟ್ಟು ಬೆಲೆ ಕೊಟ್ಟು ಕೊಳ್ಳುತ್ತಿದ್ದರು. 1974ರವರೆಗೂ ಲಾಭಾಂಶವು ತಪ್ಪದೆ ಸಲ್ಲುತ್ತಿತ್ತು. ಅಂತಹ ಸಂಸ್ಥೆಯು 1975ರ ಅಕ್ಟೋಬರಿನಲ್ಲಿ ದಿವಾಳಿಯ ಅರ್ಜಿ ಹಿಡಿದು ನ್ಯಾಯಾಲಯದ ಮೆಟ್ಟಿಲೇರಿತು. ಮರುವರ್ಷ ಅದರ ಮಳಿಗೆಗಳೆಲ್ಲ ಮುಚ್ಚಿದವು.

ಕಾರಣವು ಅದರ ಮಾರಾಟದ ರೀತಿಯಲ್ಲೇ ಅಡಗಿತ್ತು. ನಗರಗಳ ಹೊರವಲಯದಲ್ಲಿ ದೊಡ್ಡ ದೊಡ್ಡ ಮಳಿಗೆಗಳನ್ನು ತೆರೆದು, ಪೀಠೋಪಕರಣ, ವಿದ್ಯುದುಪಕರಣಗಳಂತಹ ಬೆಲೆಬಾಳುವ ಸರಕನ್ನು ತುಂಬಿ, ಅದನ್ನು ಗಿರಾಕಿಗಳಿಗೆ ದೀರ್ಘ ಕಂತುಗಳ ಉದ್ದರಿಯಲ್ಲಿ ಕೊಡುತ್ತ ಬಂದಿತು. ಉದ್ದರಿಯ ಮಾರಾಟವು ಬರೆದ ದಿನವೇ ಲೆಕ್ಕದಲ್ಲಿ ಆದಾಯವೆನಿಸಿಕೊಳ್ಳುತ್ತದೆ. ಹಣವು ಮಾತ್ರ, ಬಂದರೆ, ಎಂದೋ ಬರುತ್ತದೆ. ಸರಕು ಕೊಟ್ಟವನಿಗೂ ನೌಕರನಿಗೂ ಮಳಿಗೆಯ ಬಾಡಿಗೆಗೂ ಹಾಗೆ ಕಾಯುವ ವ್ಯವಧಾನವಿಲ್ಲ.

ಇದನ್ನು ಸಣ್ಣ ಅಂಕಿಗಳಲ್ಲಿ ಕಾಣೋಣ. ಒಂದು ಕಲ್ಪಿತ ಅಂಗಡಿಗೆ ವರ್ಷಕ್ಕೆ 10 ಲಕ್ಷ ರೂಪಾಯಿ ಲಾಭವೆನ್ನಿ. ಆ ಲಾಭದೊಳಗೆ 2 ಲಕ್ಷದ ಸವಕಳಿಯನ್ನು ಖರ್ಚೆಂದು ಕಳೆದಿದೆಯಷ್ಟೆ. ಅದು ಕಾಗದದ ಖರ್ಚೇ ಹೊರತು ಪೆಟ್ಟಿಗೆಯಿಂದ ಹೋದ ಹಣವಲ್ಲವಾದುದರಿಂದ ಮತ್ತೆ ಕೂಡಿಸಬೇಕು. ಗಿರಾಕಿಗಳಿಂದ ಬರತಕ್ಕ ಬಾಕಿ ಆ ವರ್ಷ 15 ಲಕ್ಷದಷ್ಟೂ, ದಾಸ್ತಾನು 8 ಲಕ್ಷದಷ್ಟೂ ಹೆಚ್ಚಿದ್ದರೆ, ಅಷ್ಟು ನಗದು ಅಲ್ಲಿ ಸಿಕ್ಕಿಬಿದ್ದಿದೆಯೆಂದು ಕಳೆಯಬೇಕು. ಸರಕಿನವರಿಗೆ ಕೊಡದೆ ಉಳಿಸಿಕೊಂಡದ್ದು 3 ಲಕ್ಷ ಹೆಚ್ಚಿದ್ದರೆ ಕೂಡಿಸಬೇಕು. ಉಳಿದದ್ದು ಉಳಿತಾಯವಲ್ಲ, 8 ಲಕ್ಷದ ಕೊರೆ. ಇದೇ ನಗದು ಹರಿವಿನ ಪಟ್ಟಿಯ ಮೊದಲನೆಯದಾದ ಕಾರ್ಯಾಚರಣೆಯ ಭಾಗ, ಅಂದರೆ ನಿತ್ಯದ ವ್ಯಾಪಾರದಿಂದ ಬಂದುಹೋದ ನಗದಿನ ಲೆಕ್ಕ. ಹೊಸ ಮಳಿಗೆಗೆ ಸುರಿದ 6 ಲಕ್ಷವು ಹೂಡಿಕೆಯ ಭಾಗಕ್ಕೆ ಸೇರುತ್ತದೆ. ಬ್ಯಾಂಕಿನಿಂದ ತಂದ 16 ಲಕ್ಷದ ಸಾಲ, ಅದರಿಂದಲೇ ಹಂಚಿದ 3 ಲಕ್ಷದ ಲಾಭಾಂಶ, ಇವೆರಡೂ ಮೂರನೆಯದಾದ ಹಣಕಾಸಿನ ಭಾಗದಲ್ಲಿ ನಿಂತು 13 ಲಕ್ಷ ಒಳಬಂದಂತೆ ತೋರಿಸುತ್ತವೆ. ಎಲ್ಲ ಕೂಡಿಸಿ ಕಳೆದರೆ ಪೆಟ್ಟಿಗೆಯಲ್ಲಿ ಕೇವಲ 1 ಲಕ್ಷ ಕಡಿಮೆಯಾಗಿದೆ. ಮಾಲೀಕನು ನೆಮ್ಮದಿಯಾಗಿ ಮಲಗಬಹುದು. ಸಾಲ ಕೊಡುವವನು ಮುಂದಿನ ವರ್ಷ ಕೈಯೆತ್ತುವ ತನಕ!

ಗ್ರ್ಯಾಂಟ್ ಸಂಸ್ಥೆಯಲ್ಲಿಯೂ ಹೀಗೆಯೇ ಆಯಿತು. ಕೊನೆಯ ದಶಕದ ಬಹುತೇಕ ವರ್ಷಗಳಲ್ಲಿ ಅದರ ವ್ಯಾಪಾರವು ನಗದನ್ನು ಹುಟ್ಟಿಸದೆ ನುಂಗುತ್ತಲೇ ಇದ್ದಿತು. ಬ್ಯಾಂಕುಗಳ ಸಾಲ ಆ ಹಳ್ಳವನ್ನು ತುಂಬುತ್ತಿತ್ತು. ಆಗಿನ ವಿಶ್ಲೇಷಕರಿಗೆ ಇದು ಕಾಣಲಿಲ್ಲವೇಕೆಂದರೆ, ಅಂದಿನ ವರದಿಯು ನಗದನ್ನಲ್ಲ, ದುಡಿಯುವ ಬಂಡವಾಳವನ್ನು ಲೆಕ್ಕಿಸುತ್ತಿತ್ತು. ಬರತಕ್ಕ ಬಾಕಿಯೂ ಮಾರಾಟವಾಗದ ದಾಸ್ತಾನೂ ಆ ಬಂಡವಾಳದೊಳಗೇ ಸೇರಿಹೋಗುವುದರಿಂದ, ವಸೂಲಿಯಾಗದ ಉದ್ದರಿ ಹೆಚ್ಚಿದಷ್ಟೂ ಸಂಸ್ಥೆ ಪುಷ್ಟವಾಗಿಯೇ ತೋರುತ್ತಿತ್ತು. ಲೆಕ್ಕಶಾಸ್ತ್ರದ ಈ ಕುರುಡನ್ನು ಜೇಮ್ಸ್ ಲಾರ್ಗೆ ಮತ್ತು ಕ್ಲೈಡ್ ಸ್ಟಿಕ್ನಿ ಎಂಬ ವಿದ್ವಾಂಸರು 1980ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಬಿಚ್ಚಿ ತೋರಿಸಿದರು. 1987ರಲ್ಲಿ ಅಮೆರಿಕದ ಲೆಕ್ಕಮಾನ ಮಂಡಳಿಯು ಮೂರು ಭಾಗಗಳ ನಗದು ಹರಿವಿನ ಪಟ್ಟಿಯನ್ನು ಕಡ್ಡಾಯಗೊಳಿಸಿತು.

ಕಾರ್ಯಾಚರಣೆಯ ಕೊರೆಯೆಲ್ಲವೂ ರೋಗವಲ್ಲ. ವೇಗವಾಗಿ ಬೆಳೆಯುತ್ತಿರುವ ಹೊಸ ಉದ್ಯಮಕ್ಕೆ ಒಂದೆರಡು ವರ್ಷ ಹಾಗಾಗುವುದು ಸಹಜ. ಆದರೆ ಮಾರಾಟಕ್ಕಿಂತ ಬಾಕಿಯೂ ದಾಸ್ತಾನೂ ಬೇಗಬೇಗ ಉಬ್ಬುತ್ತಿದ್ದು, ವರ್ಷಾನುವರ್ಷ ಹಣಕಾಸಿನ ಭಾಗವೇ ಮನೆ ನಡೆಸುತ್ತಿದ್ದರೆ, ಲಾಭದ ಅಂಕಿಯನ್ನು ನಂಬುವುದು ಅವಿವೇಕ.

ನಮ್ಮ ದೇಶದ ದೊಡ್ಡ ಕಂಪನಿಗಳ ವಾರ್ಷಿಕ ವರದಿಯಲ್ಲೂ ನಗದು ಹರಿವಿನ ಪಟ್ಟಿ ಇರುತ್ತದೆ. ಅದನ್ನೋದುವಾಗ ಒಂದು ಸಂಗತಿಯನ್ನು ಗಮನಿಸಿರಿ: ಅಮೆರಿಕದಲ್ಲಿ ಕೊಟ್ಟ ಬಡ್ಡಿಯು ಕಾರ್ಯಾಚರಣೆಯ ಭಾಗದಲ್ಲಿಯೇ ಕಳೆಯಲ್ಪಡುತ್ತದೆ, ನಮ್ಮ ಇಂಡ್ ಎಎಸ್ 7 ಮಾನದಂಡವಾದರೋ, ಬ್ಯಾಂಕು ಮೊದಲಾದ ಹಣಕಾಸು ಸಂಸ್ಥೆಗಳನ್ನು ಬಿಟ್ಟು, ಉಳಿದ ಕಂಪನಿಗಳಿಗೆ ಅದನ್ನು ಹಣಕಾಸಿನ ಭಾಗದಲ್ಲಿ ಬರೆಯಲು ಹೇಳುತ್ತದೆ. ಆದುದರಿಂದ ಸಾಲಭಾರವುಳ್ಳ ಕಂಪನಿಯ ಕಾರ್ಯಾಚರಣೆಯ ಮೊತ್ತದಿಂದ ಆ ಬಡ್ಡಿಯನ್ನು ನೀವೇ ಕಳೆದು ನೋಡಬೇಕು.