ಬೆಳ್ಳಿಹಬ್ಬದ ಬಿನ್ನವತ್ತಳೆ

ಹೊರದೇಶದ ಕನ್ನಡ ಸಂಘಕ್ಕೆ 25 ವರ್ಷ ತುಂಬಿದಾಗ ಸ್ಥಾಪಕರಿಗೆ ಶಾಲು, ಹಾರ, ಮೈಸೂರು ಪೇಟ, ಫಲತಾಂಬೂಲದ ಜೊತೆ ಬಿನ್ನವತ್ತಳೆಯನ್ನೂ ಅರ್ಪಿಸುತ್ತಾರೆ. ಮೊದಲು ಅದನ್ನು ಸಭೆಗೆ ಓದಿ, ಆಮೇಲೆ ಕೈಗೆ ಕೊಡುವುದು ವಾಡಿಕೆ.

ಇದರ ಹಳೆಯ ಕಟ್ಟು ಸರಳ. ಪ್ರತಿ ಪ್ಯಾರಾ ‘ಮಾನ್ಯರೇ’, ‘ಸಂಘಟಕರೇ’ ಎಂಬಂಥ ಸಂಬೋಧನೆಯಿಂದ ಶುರುವಾಗುತ್ತದೆ. ಕೊನೆಯಲ್ಲಿ ‘ಇಂತು ತಮ್ಮ ವಿಶ್ವಾಸಿಗಳು’ ಎಂದು ಸಹಿ, ಸ್ಥಳ, ದಿನಾಂಕ. ಬರೆಯುವವರು ಎಡವುವುದು ನಡುವೆ. ‘ಕನ್ನಡಾಂಬೆಯ ವರಪುತ್ರರೇ’ ಎಂಬ ಸಾಲನ್ನು ಯಾರಿಗೆ ಬೇಕಾದರೂ ಓದಬಹುದು. ಹೆಸರು ಬದಲಿಸಿದರೂ ಪತ್ರ ಹೊಂದುವುದಾದರೆ ಅದು ಇನ್ನೂ ಬರೆದಾಗಿಲ್ಲ ಎಂದೇ ನನ್ನ ಲೆಕ್ಕ.

ಅದರ ಬದಲು ಹೀಗೆ ಬರೆದು ನೋಡಿ: ‘ಮೊದಲ ಯುಗಾದಿಗೆ ಶಾಲೆಯ ಸಭಾಂಗಣದ ಬಾಡಿಗೆಯನ್ನು ತಾವೇ ಕಟ್ಟಿದಿರಿ, ಅಡುಗೆಯನ್ನು ತಮ್ಮ ಮನೆಯಲ್ಲೇ ಮಾಡಿಸಿದಿರಿ.’ ಇಂಥ ವಿವರ ಸಿಗುವುದು ಮೊದಲ ವರ್ಷದ ನಡಾವಳಿ ಪುಸ್ತಕ, ರಸೀದಿ, ಹಳೆಯ ಕರೆಯೋಲೆಗಳಲ್ಲಿ. ನೆನಪಿನ ಮಾತನ್ನು ಇವುಗಳೊಂದಿಗೆ ತಾಳೆ ನೋಡಲೇಬೇಕು. ಜೊತೆಗೆ ದುಡಿದವರ ಹೆಸರು ಬಿಟ್ಟುಹೋದರೆ ಅವರು ಮುಂದಿನ ಸಾಲಿನಲ್ಲೇ ಕೂತಿರುತ್ತಾರೆ.

ಮುನ್ನೂರು ಪದ ದಾಟದಿದ್ದರೆ ಮೂರು ನಾಲ್ಕು ನಿಮಿಷದಲ್ಲಿ ಓದಿ ಮುಗಿಸಬಹುದು. ಅಲ್ಲೇ ಹುಟ್ಟಿದ ಮೊಮ್ಮಕ್ಕಳಿಗೆ ಕನ್ನಡ ಓದಲು ಬಾರದಿರಬಹುದು, ಕೇಳಿದರೆ ತಿಳಿಯುತ್ತದೆ. ಹಾಗಾಗಿ ಉದ್ದ ಸಮಾಸಗಳನ್ನು ಬಿಡಿಸಿ ಬರೆಯಿರಿ. ಊರಿನಿಂದ ಅಚ್ಚು ಹಾಕಿಸಿ ತರುವುದಾದರೆ ಗಾಜಿನ ಚೌಕಟ್ಟು ಬೇಡ, ಪ್ರಯಾಣದಲ್ಲಿ ಒಡೆಯುತ್ತದೆ. ಹಾಳೆಯನ್ನು ಸುರುಳಿ ಸುತ್ತಿ ತಂದು ಅಲ್ಲೇ ಕಟ್ಟು ಹಾಕಿಸಿ.