ಡ್ಯಾಶ್‌ಬೋರ್ಡ್ ಫೋಟೊದಲ್ಲಿ ಅಳತೆ ಹುಡುಕುವುದು

ರಜೆಯಲ್ಲಿ ನಾನು ಮಾಮನ ಕಾರ್ ಆಕ್ಸೆಸರೀಸ್ ಅಂಗಡಿಯಲ್ಲಿ ಕೂರುತ್ತೇನೆ. ಅಂಗಡಿಯ ವಾಟ್ಸ್ಆ್ಯಪ್‌ಗೆ ಡ್ಯಾಶ್‌ಬೋರ್ಡಿನ ಫೋಟೊಗಳು ಬರುತ್ತಲೇ ಇರುತ್ತವೆ. ಕೆಳಗೆ ಒಂದೇ ಸಾಲು: "ಭಾಯ್, ಇದಕ್ಕೆ ಯಾವ ಸ್ಟೀರಿಯೊ ಕೂರುತ್ತೆ?" ಕಾರಿನ ಹೆಸರು ಹೇಳಿದರೆ ಸಾಕು ಎಂದು ಹಲವರು ತಿಳಿದಿದ್ದಾರೆ. ಆದರೆ ಒಂದೇ ಹೆಸರಿನ ಕಾರಿನಲ್ಲೂ ವರ್ಷ, ಮಾಡೆಲ್ ಬದಲಾದಂತೆ ಡ್ಯಾಶ್‌ಬೋರ್ಡ್ ಬದಲಾಗಬಹುದು. ಸೆಕೆಂಡ್ ಹ್ಯಾಂಡ್ ಕಾರಾದರೆ ಹಿಂದಿನವರು ಏನೇನು ತೆಗೆದು ಹಾಕಿದ್ದಾರೋ! ಅದಕ್ಕೇ ಮಾಮ ಹೆಸರು ಕೇಳಿದ ಮೇಲೂ ಅಳತೆ ನೋಡುತ್ತಾರೆ.

ಸ್ಟೀರಿಯೊ ಮುಖದ ಅಳತೆಗಳು ಹೆಚ್ಚಿಲ್ಲ. ಸಿಂಗಲ್ ಡಿನ್ ಎಂದರೆ 180 ಮಿ.ಮೀ. ಅಗಲ, 50 ಮಿ.ಮೀ. ಎತ್ತರ. ಡಬಲ್ ಡಿನ್‌ನಲ್ಲಿ ಅಗಲ ಅಷ್ಟೇ, ಎತ್ತರ 100. ಟೊಯೋಟಾದ ಹಲವು ಕಾರುಗಳಲ್ಲಿ ಮಾತ್ರ ಅಗಲ 200 ಇರುತ್ತದೆ. ಬರಿಗಣ್ಣಿಗೆ ಫೋಟೊದಲ್ಲಿ 180 ಯಾವುದು, 200 ಯಾವುದು ಎಂದು ಗೊತ್ತಾಗುವುದಿಲ್ಲ.

ಇದಕ್ಕೆ ಅವಧಿ ಮುಗಿದ ಒಂದು ಎಟಿಎಂ ಕಾರ್ಡ್ ಸಾಕು. ಯಾವ ಬ್ಯಾಂಕಿನದ್ದಾದರೂ ಅದರ ಉದ್ದ 85.6 ಮಿ.ಮೀ. ಹಳೆಯ ಇನ್ನೋವಾ ಒಂದರ ಫೋಟೊದಲ್ಲಿ ಕಾರ್ಡ್‌ನ ಉದ್ದ 214 ಪಿಕ್ಸೆಲ್ ಇತ್ತು ಎನ್ನೋಣ. ಅಂದರೆ ಒಂದು ಮಿ.ಮೀ.ಗೆ ಎರಡೂವರೆ ಪಿಕ್ಸೆಲ್. ಸ್ಟೀರಿಯೊದ ಅಗಲ 500 ಪಿಕ್ಸೆಲ್ ಇದ್ದರೆ 200 ಮಿ.ಮೀ. ಆಯಿತು. ಅಲ್ಲಿಗೆ ಸಾಮಾನ್ಯ ಡಬಲ್ ಡಿನ್ ಕೂರಿಸಿದರೆ ಎರಡೂ ಬದಿಯಲ್ಲಿ 10 ಮಿ.ಮೀ. ಸಂದು ಉಳಿಯುತ್ತದೆ, ಮುಚ್ಚಲು ಪಕ್ಕದ ಪಟ್ಟಿ ಬೇಕು.

ಕಾರ್ಡ್ ಎಲ್ಲಿದೆ ಎಂಬುದು ಮುಖ್ಯ. ಸ್ಟೀರಿಯೊ ಮುಖಕ್ಕೇ ಅಂಟಿಸಿರಬೇಕು, ಫೋಟೊ ನೇರ ಎದುರಿನಿಂದ ತೆಗೆದಿರಬೇಕು. ಮೊಬೈಲ್ ಸ್ಟೀರಿಯೊದಿಂದ 50 ಸೆಂ.ಮೀ. ದೂರವಿದ್ದು, ಕಾರ್ಡನ್ನು ಕೈಯಲ್ಲಿ 5 ಸೆಂ.ಮೀ. ಮುಂದೆ ಹಿಡಿದರೆ ಕಾರ್ಡ್ ದೊಡ್ಡದಾಗಿ ಕಾಣುತ್ತದೆ. ಆಗ 200 ಇರುವ ಅಗಲ ಲೆಕ್ಕದಲ್ಲಿ ಸರಿಯಾಗಿ 180 ಬರುತ್ತದೆ! ಅನುಮಾನ ಬಂದರೆ ಎತ್ತರವನ್ನೂ ಲೆಕ್ಕ ಹಾಕಬೇಕು. 100ರ ಬದಲು 90 ಬಂದರೆ ಕಾರ್ಡ್ ಮುಂದೆ ಬಂದಿದೆ ಎಂದೇ ಅರ್ಥ. ಇನ್ನೊಂದು ಫೋಟೊ ಕೇಳಬೇಕು.

ಸ್ಟೀರಿಯೊ ಹಿಂದಿನ ಜಾಗದ ಆಳ, ವೈರಿನ ಸಾಕೆಟ್ ಯಾವುದು ಎಂಬುದು ಮುಂಭಾಗದ ಫೋಟೊದಲ್ಲಿ ಕಾಣುವುದಿಲ್ಲ. ಸ್ಟೀರಿಂಗ್ ಮೇಲೆ ಬಟನ್‌ಗಳು ಕಂಡರೆ ಅವು ಹೊಸ ಸ್ಟೀರಿಯೊದಲ್ಲೂ ಕೆಲಸ ಮಾಡಬೇಕೇ ಎಂದು ಕೇಳಿಕೊಳ್ಳಬೇಕು.

ಸೀಟ್ ಕವರ್‌ಗೆ ಅಳತೆಗಿಂತ ಆಕಾರ ಮುಖ್ಯ: ತಲೆದಿಂಬು ಬಿಚ್ಚಬಹುದೇ, ಹಿಂದಿನ ಸೀಟು ಎರಡು ಭಾಗವಾಗಿ ಮಡಚುತ್ತದೆಯೇ ಎಂದು ನೋಡುತ್ತೇವೆ. ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಎಂಬ ಚೀಟಿ ಕಂಡರೆ, ಆ ಬದಿಯನ್ನು ಗಟ್ಟಿಯಾಗಿ ಹೊಲಿದ ಕವರ್ ಮಾಮ ಕೊಡುವುದೇ ಇಲ್ಲ. ಅಂಥ ಕವರ್ ಏರ್‌ಬ್ಯಾಗ್ ಬಿಚ್ಚಿಕೊಳ್ಳುವುದಕ್ಕೆ ಅಡ್ಡವಾಗುತ್ತದೆ. ಮ್ಯಾಟ್‌ಗಾದರೆ ಡ್ರೈವರ್ ಕಾಲಿನ ಬಳಿಯ ಕೊಕ್ಕೆ ಕಾಣುವಂತೆ, ಹಳೆಯ ಮ್ಯಾಟ್ ತೆಗೆದು ಇನ್ನೊಂದು ಫೋಟೊ ಕಳಿಸಲು ಹೇಳುತ್ತೇವೆ.