ನೂರರಿಂದ ಭಾಗಿಸಿದರೆ ಸಾಕೇ?

ಆನ್‌ಲೈನ್ ಅಂಗಡಿಯ ಪಾವತಿ ವ್ಯವಸ್ಥೆ ಪ್ರತಿ ರಾತ್ರಿ ಲೆಕ್ಕಪತ್ರದ ತಂತ್ರಾಂಶಕ್ಕೆ ಅಂದಿನ ವಿವರ ಕಳಿಸುತ್ತದೆ ಎಂದುಕೊಳ್ಳಿ. ಇಂಥ ವ್ಯವಸ್ಥೆಗಳು ಮೊತ್ತವನ್ನು ಹೆಚ್ಚಾಗಿ ಚಿಲ್ಲರೆಯಲ್ಲೇ ಬರೆಯುತ್ತವೆ: 499 ರೂಪಾಯಿ ಎಂದರೆ 49900 ಪೈಸೆ. ಲೆಕ್ಕದವರಿಗೆ ಬೇಕಾದದ್ದು ರೂಪಾಯಿ. ನೂರರಿಂದ ಭಾಗಿಸಿದರಾಯಿತು.

ಜಪಾನಿನ ಗಿರಾಕಿ ಬರುವವರೆಗೆ ಇದು ಸರಿ. ಯೆನ್‌ಗೆ ಬಳಕೆಯಲ್ಲಿ ಚಿಲ್ಲರೆಯೇ ಇಲ್ಲ. 500 ಯೆನ್ ಭಾಗಿಸಿದ ಮೇಲೆ 5 ಆಗಿಬಿಡುತ್ತದೆ. ಕುವೈತಿನ ದಿನಾರ್‌ಗೆ ಸಾವಿರ ಫಿಲ್ಸ್. 1250 ಎಂದು ಬಂದದ್ದು 1.250 ದಿನಾರ್, ನಮ್ಮ ಲೆಕ್ಕ ಅದನ್ನು 12.50 ಮಾಡುತ್ತದೆ. ಕಂಪ್ಯೂಟರ್ ಮಾತ್ರ ಎಲ್ಲೂ ತಪ್ಪು ತೋರಿಸುವುದಿಲ್ಲ, ಅದೇ ಪೇಚು. ಯಾವ ನಾಣ್ಯಕ್ಕೆ ಎಷ್ಟು ದಶಾಂಶ ಸ್ಥಾನ ಎಂಬುದು ಐಎಸ್‌ಒ 4217 ಪಟ್ಟಿಯಲ್ಲಿದೆ. ಅದನ್ನು ಕೋಷ್ಟಕವಾಗಿಟ್ಟು ಭಾಗಿಸಬೇಕು. ಕೆಲವು ಪಾವತಿ ಕಂಪನಿಗಳು ಪಟ್ಟಿಯಿಂದ ಆಚೀಚೆ ಸರಿಯುವುದುಂಟು, ಅವರ ಕೈಪಿಡಿಯನ್ನೂ ನೋಡಿಕೊಳ್ಳಿ.

ಸ್ಥಿತಿಯ ಹೆಸರುಗಳಲ್ಲೂ ಇದೇ ಗೋಳು. `authorized` ಎಂದರೆ ಕಾರ್ಡಿನಲ್ಲಿ ಹಣ ತಡೆಹಿಡಿದಿದೆ ಅಷ್ಟೆ. `captured` ಆದ ಮೇಲೆಯೇ ಅದು ವಸೂಲಿ. ಕೋಷ್ಟಕದಲ್ಲಿಲ್ಲದ ಹೊಸ ಹೆಸರು ಬಂದರೆ ಆ ಸಾಲನ್ನು ಪಕ್ಕಕ್ಕಿಟ್ಟು ಯಾರಿಗಾದರೂ ತಿಳಿಸಬೇಕು, ಸುಮ್ಮನೆ ‘ಪಾವತಿಯಾಗಿದೆ’ ಎಂದು ಬರೆದುಕೊಳ್ಳಬಾರದು. ಬೆಳಿಗ್ಗೆ ಎರಡೂ ಕಡೆಯ ಮೊತ್ತವನ್ನು ನಾಣ್ಯವಾರು ಹೋಲಿಸಿ. ಎಲ್ಲವನ್ನೂ ರೂಪಾಯಿಗೆ ಬದಲಿಸಿ ಕೂಡಿದರೆ ಹತ್ತಾರು ಲಕ್ಷದ ವಹಿವಾಟಿನಲ್ಲಿ ಆ 495 ಯೆನ್ ಯಾರ ಕಣ್ಣಿಗೂ ಬೀಳುವುದಿಲ್ಲ.